ತಲೆಕೆಳಗಾದ ಬಡ್ಡಿಯ ರೇಖೆ ಮತ್ತು ಚಿನ್ನದ ಬೆಲೆ

ಮನೆಯಲ್ಲಿ ಮದುವೆಯ ಮಾತುಕತೆ ನಡೆದಿರುವಾಗ ಪತ್ರಿಕೆಯ ಚಿನಿವಾರ ಪೇಟೆಯ ಧಾರಣೆಯನ್ನು ನೋಡದ ಗೃಹಸ್ಥರಿಲ್ಲ. ಕೆಲವು ವರ್ಷಗಳಿಂದ ಆ ಧಾರಣೆಯ ಪಕ್ಕದಲ್ಲಿಯೇ ಇನ್ನೊಂದು ಬಗೆಯ ಸುದ್ದಿ ಅಚ್ಚಾಗುತ್ತ ಬಂದಿದೆ: "ಅಮೆರಿಕದಲ್ಲಿ ಬಾಂಡ್ ಇಳುವರಿಯ ರೇಖೆ ತಲೆಕೆಳಗಾಗಿದೆ, ಆರ್ಥಿಕ ಹಿಂಜರಿತದ ಭೀತಿ, ಚಿನ್ನ ಮತ್ತಷ್ಟು ಏರುವ ಸಂಭವ." ಇದನ್ನೋದಿದ ಹಲವರು ಆತುರಪಟ್ಟು, ಠೇವಣಿಯನ್ನು ಅವಧಿಗೆ ಮುನ್ನವೇ ಮುರಿದು, ಇಲ್ಲವೇ ಕೈಸಾಲ ಮಾಡಿ ಚಿನ್ನ ಕೊಂಡದ್ದುಂಟು. ಕೊಂಡವರಲ್ಲಿ 2019ರಲ್ಲಿ ಕೊಂಡವರು ಸಂತೋಷಪಟ್ಟರು. 2022ರ ಮಾರ್ಚಿಯಲ್ಲಿ ಕೊಂಡವರು ಆರೇ ತಿಂಗಳಲ್ಲಿ ಬೆಲೆ ಇಳಿದುದನ್ನು ಕಂಡು ಕಳವಳಗೊಂಡರು. ಎರಡು ವರ್ಷಗಳಲ್ಲಿಯೂ ಕೇಳಿಬಂದ ಸುದ್ದಿ ಒಂದೇ, ಫಲ ಮಾತ್ರ ಬೇರೆ. ಹೀಗೇಕಾಯಿತು ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರ ಮಾಡೋಣ.

ಮೊದಲು ಬಾಂಡ್ ಎಂದರೇನು ಎಂಬುದನ್ನು ತಿಳಿಯಬೇಕು. ಅದು ಸರಕಾರ ಬರೆದುಕೊಟ್ಟ ಸಾಲಪತ್ರ. ನೂರು ರೂಪಾಯಿಯ ಹತ್ತು ವರ್ಷದ ಪತ್ರವೊಂದು ವರ್ಷಕ್ಕೆ ಐದು ರೂಪಾಯಿ ಬಡ್ಡಿ ಕೊಡುತ್ತದೆ ಎನ್ನೋಣ. ಈ ಪತ್ರವನ್ನು ಒಬ್ಬರಿಂದ ಒಬ್ಬರು ಪೇಟೆಯಲ್ಲಿ ಕೊಳ್ಳಬಹುದು, ಮಾರಬಹುದು. ಬೇಡಿಕೆ ಹೆಚ್ಚಿ ಅದರ ಬೆಲೆ ನೂರಹತ್ತಕ್ಕೆ ಏರಿತೆಂದರೆ, ಕೊಂಡವನಿಗೆ ಬರುವುದು ಅದೇ ಐದು ರೂಪಾಯಿ. ಅವಧಿ ಮುಗಿದಾಗ ಸರಕಾರ ಹಿಂದಿರುಗಿಸುವುದೂ ಅದೇ ನೂರು ರೂಪಾಯಿ. ಆದುದರಿಂದ ಅವನ ಪಾಲಿನ ನಿಜವಾದ ಪ್ರತಿಫಲ ಶೇಕಡಾ ಐದಕ್ಕಿಂತ ಕಡಿಮೆಯಾಯಿತು. ಈ ಪ್ರತಿಫಲವನ್ನೇ ಇಳುವರಿ ಎನ್ನುತ್ತಾರೆ. ಬೆಲೆ ಏರಿದರೆ ಇಳುವರಿ ಇಳಿಯುತ್ತದೆ, ಬೆಲೆ ಇಳಿದರೆ ಇಳುವರಿ ಏರುತ್ತದೆ. ತಕ್ಕಡಿಯ ಎರಡು ತಟ್ಟೆಗಳ ಹಾಗೆ. ಇಷ್ಟು ಮನಸ್ಸಿನಲ್ಲಿದ್ದರೆ ಮುಂದಿನದು ಕಠಿಣವಲ್ಲ.

ಸರಕಾರವು ಮೂರು ತಿಂಗಳಿನಿಂದ ಮೂವತ್ತು ವರ್ಷಗಳವರೆಗೆ ನಾನಾ ಅವಧಿಯ ಪತ್ರಗಳನ್ನು ಹೊರಡಿಸುತ್ತದೆ. ಅವಧಿಯನ್ನು ಅಡ್ಡಕ್ಕೂ ಇಳುವರಿಯನ್ನು ಎತ್ತರಕ್ಕೂ ಗುರುತು ಹಾಕಿ ಚುಕ್ಕೆಗಳನ್ನು ಸೇರಿಸಿದರೆ ಒಂದು ರೇಖೆ ದೊರೆಯುತ್ತದೆ. ದೀರ್ಘಕಾಲಕ್ಕೆ ಹಣ ಕೊಟ್ಟವನು ಹೆಚ್ಚು ಬಡ್ಡಿ ಕೇಳುವುದು ಲೋಕರೂಢಿಯಾದ್ದರಿಂದ ಈ ರೇಖೆ ಎಡದಿಂದ ಬಲಕ್ಕೆ ಮೇಲೇರುತ್ತ ಹೋಗುತ್ತದೆ. ಒಮ್ಮೊಮ್ಮೆ ಈ ಕ್ರಮ ತಪ್ಪುತ್ತದೆ. ಎರಡು ವರ್ಷದ ಸಾಲಕ್ಕೆ ಹೆಚ್ಚು ಬಡ್ಡಿ, ಹತ್ತು ವರ್ಷದ ಸಾಲಕ್ಕೆ ಕಡಿಮೆ ಬಡ್ಡಿ ಎಂಬಂತಾಗುತ್ತದೆ. ರೇಖೆ ತಲೆಕೆಳಗಾಯಿತು ಎನ್ನುವುದು ಇದಕ್ಕೇ.

ಹತ್ತು ವರ್ಷಕ್ಕೆ ಕಡಿಮೆ ಬಡ್ಡಿ ಸಾಕೆಂದು ಒಪ್ಪುವವರು ಯಾರು ಎಂದು ಕೇಳಬಹುದು. ಇದಕ್ಕೆ ನಮ್ಮ ಮನೆಯ ಉದಾಹರಣೆಯೇ ಇದೆ. ಬ್ಯಾಂಕೊಂದು ಒಂದು ವರ್ಷದ ಠೇವಣಿಗೆ ಶೇಕಡಾ 5ರಂತೆಯೂ ಎರಡು ವರ್ಷದ ಠೇವಣಿಗೆ ಶೇಕಡಾ 4ರಂತೆಯೂ ಬಡ್ಡಿ ಕೊಡುವುದಾಗಿ ಫಲಕ ಹಾಕಿದೆ ಎಂದು ಭಾವಿಸಿರಿ. ನಿವೃತ್ತರಾದ ಹಿರಿಯರೊಬ್ಬರು ಯೋಚಿಸುತ್ತಾರೆ: "ಮುಂದಿನ ವರ್ಷ ಬಡ್ಡಿ ಶೇಕಡಾ 3ಕ್ಕೆ ಇಳಿಯುವ ಹಾಗೆ ಕಾಣುತ್ತದೆ. ಒಂದು ವರ್ಷಕ್ಕೆ ಇಟ್ಟರೆ 100 ರೂಪಾಯಿ 105 ಆಗುತ್ತದೆ. ಅದನ್ನೇ ಮತ್ತೆ 3ರಂತೆ ಇಟ್ಟರೆ 108 ರೂಪಾಯಿ 15 ಪೈಸೆ. ಈಗಲೇ ಎರಡು ವರ್ಷಕ್ಕೆ 4ರಂತೆ ಇಟ್ಟರೆ 108 ರೂಪಾಯಿ 16 ಪೈಸೆ." ಲೆಕ್ಕ ಸರಿಸಮ. ಆದುದರಿಂದ ಕಡಿಮೆ ಬಡ್ಡಿಯ ದೀರ್ಘ ಠೇವಣಿಯನ್ನು ಅವರು ಒಪ್ಪುತ್ತಾರೆ. ತಲೆಕೆಳಗಾದ ರೇಖೆಯ ಒಳ ಅರ್ಥ ಇದೇ. ಮುಂದೆ ಬಡ್ಡಿ ಇಳಿಯುತ್ತದೆಂದು ಹಣವುಳ್ಳವರು ನಂಬಿದ್ದಾರೆ. ಬಡ್ಡಿ ಬಹುಮಟ್ಟಿಗೆ ಇಳಿಯುವುದು ವ್ಯಾಪಾರ ಕುಸಿದು ಕೆಲಸಗಳು ಹೋಗುವಾಗ. ಹಾಗಾಗಿ ಈ ರೇಖೆಯನ್ನು ಹಿಂಜರಿತದ ಮುನ್ಸೂಚನೆ ಎಂದು ಓದುತ್ತಾರೆ. ಕ್ಯಾಂಪ್‌ಬೆಲ್ ಹಾರ್ವೆ ಎಂಬ ವಿದ್ವಾಂಸರು 1986ರಲ್ಲಿ ಷಿಕಾಗೊ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ಈ ಸಂಬಂಧವನ್ನು ಶೋಧಿಸಿದರು. 1960ರ ದಶಕದ ಕೊನೆಯಿಂದೀಚೆಗೆ ಅಮೆರಿಕ ಕಂಡ ಪ್ರತಿಯೊಂದು ಹಿಂಜರಿತಕ್ಕೂ ಮುನ್ನ ರೇಖೆ ಹೀಗೆ ಬಾಗಿತ್ತು.

ಇನ್ನು ಚಿನ್ನದ ವಿಷಯ. ಚಿನ್ನಕ್ಕೆ ಬಡ್ಡಿಯಿಲ್ಲ. ಪೆಟ್ಟಿಗೆಯಲ್ಲಿಟ್ಟ ಹತ್ತು ಗ್ರಾಂ ಹತ್ತು ವರ್ಷಗಳ ನಂತರವೂ ಹತ್ತು ಗ್ರಾಮೇ. ಚಿನ್ನವನ್ನು ಇಟ್ಟುಕೊಂಡವನು, ಅದೇ ಹಣವನ್ನು ಸಾಲಪತ್ರದಲ್ಲಿ ತೊಡಗಿಸಿದ್ದರೆ ಬರಬಹುದಾಗಿದ್ದ ಬಡ್ಡಿಯನ್ನು ಬಿಟ್ಟುಕೊಟ್ಟಿರುತ್ತಾನೆ. ಆದರೆ ಬಡ್ಡಿಯೆಲ್ಲವೂ ಲಾಭವಲ್ಲ. ಶೇಕಡಾ 5 ಬಡ್ಡಿ ಬಂದು, ಬೆಲೆಗಳೂ ಶೇಕಡಾ 5 ಏರಿದರೆ ಸಾಲಪತ್ರದವನಿಗೆ ಉಳಿದುದು ಸೊನ್ನೆ. ಬಡ್ಡಿಯಲ್ಲಿ ಹಣದುಬ್ಬರವನ್ನು ಕಳೆದು ಉಳಿಯುವುದನ್ನು ನೈಜ ಬಡ್ಡಿ ಎನ್ನಬಹುದು. ಅಮೆರಿಕ ಸರಕಾರವು ಹಣದುಬ್ಬರಕ್ಕೆ ತಕ್ಕಂತೆ ಅಸಲನ್ನು ಹೆಚ್ಚಿಸಿಕೊಡುವ ಪತ್ರಗಳನ್ನೂ ಮಾರುತ್ತದೆ. ಅವುಗಳ ಇಳುವರಿಯೇ ಈ ನೈಜ ಬಡ್ಡಿಯ ಅಳತೆ. ನೈಜ ಬಡ್ಡಿ ಇಳಿದರೆ ಚಿನ್ನ ಇಟ್ಟುಕೊಳ್ಳುವವನ ನಷ್ಟ ಕಡಿಮೆಯಾಗುತ್ತದೆ, ಚಿನ್ನಕ್ಕೆ ಬೇಡಿಕೆ ಬರುತ್ತದೆ. ನೈಜ ಬಡ್ಡಿ ಏರಿದರೆ ಚಿನ್ನ ಮಾರಿ ಸಾಲಪತ್ರ ಕೊಳ್ಳುವವರು ಹೆಚ್ಚುತ್ತಾರೆ. ರೇಖೆಗೂ ಚಿನ್ನಕ್ಕೂ ಇರುವ ನಂಟು ನೇರವಾದುದಲ್ಲ. ಈ ನೈಜ ಬಡ್ಡಿಯ ಮೂಲಕ ಬರುವಂಥದು.

ರೇಖೆ ತಲೆಕೆಳಗಾಗಲು ಎರಡು ದಾರಿಗಳಿವೆ. ಭಯದಿಂದ ದೀರ್ಘಾವಧಿಯ ಪತ್ರಗಳಿಗೆ ಜನ ಮುಗಿಬಿದ್ದು ಬಲದ ತುದಿ ಕೆಳಗೆ ಜಾರುವುದು ಒಂದು. ಕೇಂದ್ರ ಬ್ಯಾಂಕು ಬೆಲೆಯೇರಿಕೆಯನ್ನು ಹತ್ತಿಕ್ಕಲು ಅಲ್ಪಾವಧಿಯ ಬಡ್ಡಿಯನ್ನು ಏರಿಸಿ ಎಡದ ತುದಿಯನ್ನು ಮೇಲಕ್ಕೆತ್ತುವುದು ಇನ್ನೊಂದು. ಚಿತ್ರ ನೋಡಲು ಎರಡೂ ಒಂದೇ ತೆರ. ಚಿನ್ನದ ಪಾಲಿಗೆ ಮಾತ್ರ ಇವು ಪೂರ್ವ ಪಶ್ಚಿಮ.

2019ರಲ್ಲಿ ನಡೆದುದು ಮೊದಲನೆಯ ದಾರಿ. ಅಮೆರಿಕ ಹಾಗೂ ಚೀನಗಳ ನಡುವೆ ಸುಂಕದ ಸಮರ ನಡೆದಿತ್ತು. ಕಾರ್ಖಾನೆಗಳ ಉತ್ಪಾದನೆ ಕುಗ್ಗುತ್ತಿತ್ತು. ಹಿಂದಿನ ವರ್ಷದ ನವೆಂಬರಿನಲ್ಲಿ ಶೇಕಡಾ 3ಕ್ಕೂ ಮೇಲಿದ್ದ ಹತ್ತು ವರ್ಷದ ಇಳುವರಿ 2019ರ ಆಗಸ್ಟ್ ಕೊನೆಗೆ ಒಂದೂವರೆಯ ಹತ್ತಿರ ಬಂದಿತು. ಆಗಸ್ಟ್ 14ರಂದು ಹತ್ತು ವರ್ಷದ ಇಳುವರಿ ಎರಡು ವರ್ಷದ ಇಳುವರಿಗಿಂತ ಕೆಳಗಿಳಿಯಿತು. 2007ರ ನಂತರ ಹಾಗಾದುದು ಅದೇ ಮೊದಲು. ಅಂದು ನ್ಯೂಯಾರ್ಕಿನ ಡೌ ಜೋನ್ಸ್ ಸೂಚ್ಯಂಕ 800 ಅಂಶಗಳಷ್ಟು ಬಿದ್ದಿತು. ಅಷ್ಟರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಜುಲೈ 31ರಂದೇ ಬಡ್ಡಿಯನ್ನು ಇಳಿಸಲು ಆರಂಭಿಸಿತ್ತು. ಸೆಪ್ಟೆಂಬರ್ ಹಾಗೂ ಅಕ್ಟೋಬರಿನಲ್ಲಿ ಮತ್ತೆ ಇಳಿಸಿತು. ವರ್ಷದ ಆರಂಭದಲ್ಲಿ ಶೇಕಡಾ 1ರ ಸುಮಾರಿಗಿದ್ದ ಹತ್ತು ವರ್ಷದ ನೈಜ ಬಡ್ಡಿ ಸೊನ್ನೆಯ ಹತ್ತಿರಕ್ಕೆ ಬಂದಿತು. ಚಿನ್ನ ಇಟ್ಟುಕೊಂಡವನು ಕಳೆದುಕೊಳ್ಳುವುದು ಏನೂ ಇಲ್ಲ ಎಂಬ ಸ್ಥಿತಿ ಅದು. ಮೇ ಕೊನೆಯಲ್ಲಿ ಔನ್ಸಿಗೆ 1,300 ಡಾಲರಿನ ಆಚೀಚೆ ಇದ್ದ ಚಿನ್ನ ಸೆಪ್ಟೆಂಬರ್ ಮೊದಲ ವಾರದಲ್ಲಿ 1,550 ಡಾಲರು ಮುಟ್ಟಿತು. ಅದೇ ಜುಲೈ ತಿಂಗಳಿನ ಮುಂಗಡಪತ್ರದಲ್ಲಿ ನಮ್ಮ ಸರಕಾರ ಚಿನ್ನದ ಆಮದು ಸುಂಕವನ್ನು ಶೇಕಡಾ 10ರಿಂದ 12.5ಕ್ಕೆ ಏರಿಸಿದ್ದಿತು. ಹೀಗಾಗಿ ಭಾರತದಲ್ಲಿ ಹತ್ತು ಗ್ರಾಮಿಗೆ 32,000 ರೂಪಾಯಿಯ ಸುಮಾರಿಗಿದ್ದುದು ಮೂರು ತಿಂಗಳಲ್ಲಿ 39,000ವನ್ನು ದಾಟಿತು.

ಹಿಂಜರಿತವೂ ಬಂದಿತು, 2020ರ ಫೆಬ್ರವರಿಯ ನಂತರ. ಅದಕ್ಕೆ ಕಾರಣ ಕೋವಿಡ್ ಮಹಾಮಾರಿ. ರೇಖೆ ಬಾಗಿದಾಗ ಆ ರೋಗದ ಹೆಸರನ್ನು ಯಾರೂ ಕೇಳಿರಲಿಲ್ಲ. ರೇಖೆಯ ಭವಿಷ್ಯ ನಿಜವಾಯಿತೆಂದು ಹೊಗಳುವವರು ಈ ಸಂಗತಿಯನ್ನು ಮರೆಯಬಾರದು. ಇನ್ನೊಂದು ಮಾತನ್ನೂ ಇಲ್ಲಿ ಗಮನಿಸತಕ್ಕದ್ದು. ಹಿಂಜರಿತದ ಭೀತಿ ಇದ್ದಾಗ ಏರಿದ ಚಿನ್ನ, ವಿಪತ್ತು ಬಂದೆರಗಿದ ದಿನಗಳಲ್ಲಿ ಇಳಿಯಿತು. 2020ರ ಮಾರ್ಚಿಯ ಎರಡನೆಯ ವಾರದ ಆರಂಭದಲ್ಲಿ 1,680 ಡಾಲರಿನ ಹತ್ತಿರವಿದ್ದುದು ಹತ್ತೇ ದಿನಗಳಲ್ಲಿ 1,500ಕ್ಕಿಂತ ಕೆಳಗೆ ಬಂದಿತು. ಷೇರುಗಳಲ್ಲಿ ನಷ್ಟಗೊಂಡವರು ಬಾಕಿ ತೀರಿಸಲು ನಗದು ಬೇಕಾಗಿ, ಕೊಳ್ಳುವವರಿರುವ ವಸ್ತುವನ್ನೇ ಮೊದಲು ಮಾರಿದರು. 2008ರ ಶರತ್ಕಾಲದಲ್ಲಿಯೂ ನಡೆದುದು ಹೀಗೆಯೇ. ಬರಗಾಲದಲ್ಲಿ ರೈತ ಮನೆಯ ಒಡವೆಯನ್ನೇ ಮೊದಲು ಗಿರವಿ ಇಡುತ್ತಾನಲ್ಲವೇ? ಆ ಒಡವೆ ಕೀಳೆಂದು ಅಲ್ಲ, ಅದಕ್ಕೆ ತಕ್ಷಣ ಹಣ ಸಿಗುತ್ತದೆಂದು. ಕೇಂದ್ರ ಬ್ಯಾಂಕು ಬಡ್ಡಿಯನ್ನು ಸೊನ್ನೆಗಿಳಿಸಿದ ಮೇಲೆ ಚಿನ್ನ ಮತ್ತೆ ಚೇತರಿಸಿ ಅದೇ ಆಗಸ್ಟಿನಲ್ಲಿ 2,000 ಡಾಲರನ್ನು ದಾಟಿತು.

ಎರಡನೆಯ ದಾರಿಯನ್ನು ಕಂಡುದು 2022ರಲ್ಲಿ. ಮಹಾಮಾರಿಯ ನಂತರ ಅಮೆರಿಕದಲ್ಲಿ ಬೆಲೆಯೇರಿಕೆ ನಾಲ್ಕು ದಶಕಗಳಲ್ಲಿ ಕಾಣದ ಮಟ್ಟಕ್ಕೆ ಹೋಯಿತು. ಫೆಡರಲ್ ರಿಸರ್ವ್ 2022ರ ಮಾರ್ಚಿಯಿಂದ 2023ರ ಜುಲೈವರೆಗೆ ಬಡ್ಡಿಯನ್ನು ಸೊನ್ನೆಯ ಹತ್ತಿರದಿಂದ ಶೇಕಡಾ ಐದೂಕಾಲಕ್ಕೂ ಮೇಲೆ ಏರಿಸಿತು. ಅಲ್ಪಾವಧಿಯ ಇಳುವರಿ ಅದರ ಬೆನ್ನು ಹಿಡಿದು ಮೇಲೇರಿತು. ದೀರ್ಘಾವಧಿಯದೂ ಏರಿತು, ಆದರೆ ಅಷ್ಟು ವೇಗದಲ್ಲಿ ಅಲ್ಲ. 2022ರ ಜುಲೈಯಲ್ಲಿ ರೇಖೆ ತಲೆಕೆಳಗಾಯಿತು. 2023ರಲ್ಲಿ ಎರಡು ವರ್ಷದ ಇಳುವರಿ ಹತ್ತು ವರ್ಷದ್ದಕ್ಕಿಂತ ಶೇಕಡಾ ಒಂದಕ್ಕೂ ಹೆಚ್ಚು ಮೇಲಿತ್ತು. ಅಷ್ಟು ಆಳವಾದ ಅಂತರ 1981ರ ನಂತರ ಆಗಿರಲಿಲ್ಲ. ಹಿಂಜರಿತ ಬಂದೇ ಬರುತ್ತದೆಂದು ಪಂಡಿತರೆಲ್ಲ ಸಾರಿದರು.

ಆದರೂ ಚಿನ್ನ ಇಳಿಯಿತು. ಉಕ್ರೇನಿನ ಯುದ್ಧ ಆರಂಭವಾದಾಗ, 2022ರ ಮಾರ್ಚಿಯಲ್ಲಿ, 2,000 ಡಾಲರನ್ನು ದಾಟಿದ್ದ ಬೆಲೆ ಸೆಪ್ಟೆಂಬರ್ ಕೊನೆಗೆ 1,650ರ ಆಸುಪಾಸಿಗೆ ಬಂದಿತು. ಕಾರಣವನ್ನು ಮೇಲೆಯೇ ಹೇಳಿದೆ. ವರ್ಷದ ಆರಂಭದಲ್ಲಿ ಹತ್ತು ವರ್ಷದ ನೈಜ ಬಡ್ಡಿ ಸೊನ್ನೆಗಿಂತ ಶೇಕಡಾ ಒಂದರಷ್ಟು ಕೆಳಗಿತ್ತು. ಅಕ್ಟೋಬರಿನಲ್ಲಿ ಅದು ಸೊನ್ನೆಗಿಂತ ಒಂದೂವರೆಗೂ ಹೆಚ್ಚು ಮೇಲಿತ್ತು. ಹಣದುಬ್ಬರವನ್ನು ಕಳೆದ ಮೇಲೂ ಸರಕಾರದ ಭದ್ರವಾದ ಪತ್ರ ಬಡ್ಡಿ ಕೊಡುವಾಗ, ಬಡ್ಡಿ ಕೊಡದ ಲೋಹವನ್ನು ಹಿಡಿದಿರಲು ದೊಡ್ಡ ಹೂಡಿಕೆದಾರರಿಗೆ ಮನಸ್ಸಾಗಲಿಲ್ಲ. ಭೀತಿ ಎಷ್ಟೇ ಇರಲಿ, ಬಡ್ಡಿ ಇಳಿಯುವ ದಿನ ಇನ್ನೂ ದೂರವಿತ್ತು.

ನಮ್ಮ ಗೃಹಿಣಿಯರು ಇಲ್ಲಿ ಒಂದು ಪ್ರಶ್ನೆ ಕೇಳಬಹುದು: "ಆ ವರ್ಷ ನಮ್ಮೂರ ಅಂಗಡಿಯಲ್ಲಿ ಅಷ್ಟೇನೂ ಇಳಿಯಲಿಲ್ಲವಲ್ಲ?" ಸರಿಯಾದ ಮಾತು. ಲೆಕ್ಕ ಹಾಕಿ ನೋಡೋಣ. ಒಂದು ಔನ್ಸ್ ಎಂದರೆ 31.1 ಗ್ರಾಂ. ಮಾರ್ಚಿಯಲ್ಲಿ ಔನ್ಸಿಗೆ 2,000 ಡಾಲರ್ ಇದ್ದಾಗ ಹತ್ತು ಗ್ರಾಮಿಗೆ 643 ಡಾಲರ್. ಡಾಲರಿಗೆ ಆಗ 76 ರೂಪಾಯಿ 50 ಪೈಸೆಯ ಸುಮಾರು. ಎಂದರೆ 49,200 ರೂಪಾಯಿ. ಅದರ ಮೇಲೆ ಶೇಕಡಾ 10.75 ಆಮದು ಸುಂಕ ಸೇರಿ 54,500 ರೂಪಾಯಿ. ಸೆಪ್ಟೆಂಬರಿನಲ್ಲಿ 1,650 ಡಾಲರ್ ಆದಾಗ ಹತ್ತು ಗ್ರಾಮಿಗೆ 530 ಡಾಲರ್. ರೂಪಾಯಿ ಅಷ್ಟರಲ್ಲಿ ದುರ್ಬಲವಾಗಿ ಡಾಲರಿಗೆ 81 ರೂಪಾಯಿ 50 ಪೈಸೆಯಾಗಿತ್ತು; ಅಲ್ಲಿಗೆ 43,200 ರೂಪಾಯಿ. ಜುಲೈ ಆರಂಭದ ಹೊತ್ತಿಗೆ ಸುಂಕವನ್ನು ಶೇಕಡಾ 15ಕ್ಕೆ ಏರಿಸಿದ್ದರು. ಅದೂ ಸೇರಿ 49,700 ರೂಪಾಯಿ. ಡಾಲರಿನಲ್ಲಿ ನೂರಕ್ಕೆ ಹದಿನೇಳೂವರೆ ಇಳಿದ ಚಿನ್ನ ರೂಪಾಯಿಯಲ್ಲಿ ನೂರಕ್ಕೆ ಒಂಬತ್ತರಷ್ಟು ಮಾತ್ರ ಇಳಿಯಿತು. ಮಾರಾಟ ತೆರಿಗೆ ಹಾಗೂ ಅಂಗಡಿಯವರ ಮಜೂರಿ ಇದರ ಹೊರಗೆ. ಅಮೆರಿಕದ ಬಡ್ಡಿ ಏರಿದಾಗ ಹಣ ಅತ್ತ ಹರಿದು ಡಾಲರು ಬಲಗೊಳ್ಳುತ್ತದೆ, ರೂಪಾಯಿ ಸೊರಗುತ್ತದೆ. ಚಿನ್ನವನ್ನು ಅಲ್ಲಿ ಇಳಿಸುವ ಕೈಯೇ ಇಲ್ಲಿ ಅದನ್ನು ಅರ್ಧ ತಡೆದು ಹಿಡಿಯುತ್ತದೆ. ಆದುದರಿಂದ ವಿದೇಶದ ಧಾರಣೆ ಇಳಿದ ಸುದ್ದಿ ಕೇಳಿ ಅಂಗಡಿಗೆ ಹೋದವರಿಗೆ ಆಶಾಭಂಗವಾಗುವುದುಂಟು.

ಈ ಎರಡು ದಾರಿಗಳ ಲೆಕ್ಕವೂ ಎಲ್ಲ ಕಾಲಕ್ಕೆ ಸಾಲದು. 2023 ಹಾಗೂ 2024ರಲ್ಲಿ ಅಮೆರಿಕದ ನೈಜ ಬಡ್ಡಿ ಎತ್ತರದಲ್ಲಿಯೇ ಇತ್ತು. ಹಳೆಯ ನಿಯಮದಂತೆ ಚಿನ್ನ ಇಳಿಯಬೇಕಾಗಿತ್ತು, ಅದು ಏರಿತು. ಇದಕ್ಕೆ ಮುಖ್ಯ ಕಾರಣ ಬೇರೆ ಬಗೆಯ ಕೊಳ್ಳುವವರು ಪೇಟೆಗೆ ಬಂದುದು. ಯುದ್ಧ ಆರಂಭವಾದೊಡನೆ ಪಾಶ್ಚಾತ್ಯ ರಾಷ್ಟ್ರಗಳು ರಷ್ಯಾದ ಸುಮಾರು 300 ಬಿಲಿಯನ್ ಡಾಲರ್ ಮೌಲ್ಯದ ವಿದೇಶಿ ನಿಧಿಯನ್ನು ತಡೆಹಿಡಿದವು. ಪರರ ಕೈಯಲ್ಲಿರುವ ಸಾಲಪತ್ರ ಒಂದು ದಿನ ನಮಗೆ ಸಿಗದೆ ಹೋಗಬಹುದು ಎಂಬ ಎಚ್ಚರ ಅನೇಕ ದೇಶಗಳಿಗೆ ಮೂಡಿತು. ಜಗತ್ತಿನ ಕೇಂದ್ರ ಬ್ಯಾಂಕುಗಳು 2022, 2023, 2024ರ ಮೂರೂ ವರ್ಷಗಳಲ್ಲಿ ತಲಾ ಸಾವಿರ ಟನ್ನಿಗೂ ಮಿಕ್ಕಿ ಚಿನ್ನ ಕೊಂಡವು. ನಮ್ಮ ರಿಸರ್ವ್ ಬ್ಯಾಂಕ್ 2024ರಲ್ಲಿ ಎಪ್ಪತ್ತು ಟನ್ನಿಗೂ ಹೆಚ್ಚು ಕೊಂಡಿತು. ಬಡ್ಡಿ ಹೆಚ್ಚಿದೆಯೆಂದು ಇವರು ಹಿಂದೆಗೆಯುವವರಲ್ಲ. ಇವರ ಗುರಿ ಭದ್ರತೆ.

ರೇಖೆಯ ಭವಿಷ್ಯವೂ ಈ ಸಲ ಹುಸಿಯಾಯಿತು. 2022ರ ಜುಲೈಯಿಂದ 2024ರ ಸೆಪ್ಟೆಂಬರ್ ಆರಂಭದವರೆಗೆ, ಎರಡು ವರ್ಷಗಳಿಗೂ ಹೆಚ್ಚು ಕಾಲ, ರೇಖೆ ತಲೆಕೆಳಗಾಗಿಯೇ ಇದ್ದಿತು. 2024 ಮುಗಿಯುವವರೆಗೂ ಅಮೆರಿಕಕ್ಕೆ ಹಿಂಜರಿತ ಬರಲಿಲ್ಲ. ಕಡಿಮೆ ಬಡ್ಡಿಯ ಕಾಲದಲ್ಲಿಯೇ ಅಲ್ಲಿನ ಗೃಹಸ್ಥರು ಮನೆಯ ಸಾಲಗಳನ್ನು ಮೂವತ್ತು ವರ್ಷಗಳ ಸ್ಥಿರ ದರಕ್ಕೆ ಬರೆಸಿಕೊಂಡಿದ್ದರು. ಬಡ್ಡಿಯ ಏರಿಕೆ ಅವರ ಅಡುಗೆಮನೆಯನ್ನು ಬೇಗನೆ ಮುಟ್ಟಲಿಲ್ಲ. ಸರಕಾರದ ವೆಚ್ಚವೂ ಕುಗ್ಗಲಿಲ್ಲ. ಕೊನೆಗೆ ರೇಖೆ ನೆಟ್ಟಗಾದ ಮೇಲೆ, ಭೀತಿ ತಣಿದ ಮೇಲೆ, ಚಿನ್ನ ಇಳಿಯಿತೇ? ಅದೂ ಇಲ್ಲ. 2025ರ ಮಾರ್ಚಿಯಲ್ಲಿ 3,000 ಡಾಲರನ್ನೂ ಅಕ್ಟೋಬರಿನಲ್ಲಿ 4,000 ಡಾಲರನ್ನೂ ದಾಟಿತು. ಹಿಂಜರಿತದ ಭೀತಿಯೊಂದನ್ನೇ ನಂಬಿ ಲೆಕ್ಕ ಹಾಕಿದವರಿಗೆ ಈ ಏರಿಕೆ ಅರ್ಥವಾಗಲಾರದು.

ಹಾಗಾದರೆ ರೇಖೆ ಬಾಗಿತೆಂಬ ಸುದ್ದಿ ಮತ್ತೊಮ್ಮೆ ಬಂದಾಗ ಓದುಗರು ಏನನ್ನು ನೋಡಬೇಕು? ಯಾವ ತುದಿ ಅಲುಗಿತು ಎಂಬುದು ಮೊದಲ ಪ್ರಶ್ನೆ. ಹತ್ತು ವರ್ಷದ ಇಳುವರಿ ಇಳಿದು ಹಾಗಾಗಿದ್ದರೆ, ಕೇಂದ್ರ ಬ್ಯಾಂಕೂ ಬಡ್ಡಿ ಇಳಿಸುವ ಮಾತಾಡುತ್ತಿದ್ದರೆ ಅದು 2019ರ ಜಾತಿ, ಚಿನ್ನಕ್ಕೆ ಅನುಕೂಲ. ಎರಡು ವರ್ಷದ ಇಳುವರಿ ಏರಿ ಹಾಗಾಗಿದ್ದರೆ ಅದು 2022ರ ಜಾತಿ. ಭೀತಿಯ ಸುದ್ದಿ ಎಷ್ಟೇ ದೊಡ್ಡ ಅಕ್ಷರದಲ್ಲಿರಲಿ, ಅವಸರ ಬೇಡ. ರೂಪಾಯಿ ಮತ್ತು ಸುಂಕ ಏನಾಗಿವೆ ಎಂಬುದು ಎರಡನೆಯ ಪ್ರಶ್ನೆ. ಸುಂಕದ ವಿಷಯದಲ್ಲಿ ಗಾಳಿ ತಿರುಗಲೂಬಹುದು. 2024ರ ಜುಲೈ ಮುಂಗಡಪತ್ರದಲ್ಲಿ ಅದನ್ನು ಶೇಕಡಾ 15ರಿಂದ 6ಕ್ಕೆ ಇಳಿಸಿದಾಗ, ವಿದೇಶದ ಬೆಲೆಯಲ್ಲಿ ಅಂಥ ಬದಲಾವಣೆ ಇಲ್ಲದೆಯೇ ಹತ್ತು ಗ್ರಾಮಿನ ಮೇಲೆ ಸಾವಿರಗಟ್ಟಲೆ ರೂಪಾಯಿ ಒಂದೆರಡು ದಿನಗಳಲ್ಲಿ ಇಳಿಯಿತು. ಅದರ ಹಿಂದಿನ ವಾರ ಸಾಲ ಮಾಡಿ ಕೊಂಡವರ ಪಾಡನ್ನು ಊಹಿಸಬಹುದು.

ಮದುವೆಯ ಒಡವೆ ಬೇಕಾದ ಮನೆಯವರಿಗೆ ಇದರಿಂದ ತಿಳಿಯುವುದಿಷ್ಟು. ಎರಡು ವರ್ಷಗಳ ನಂತರ ಐವತ್ತು ಗ್ರಾಂ ಬೇಕಾಗಿದ್ದರೆ, ತಿಂಗಳಿಗೆ ಎರಡು ಗ್ರಾಮಿಗಿಂತ ತುಸು ಹೆಚ್ಚಾಗಿ ಕೊಳ್ಳುತ್ತ ಹೋದವರಿಗೆ 2019ರ ಏರಿಕೆಯೂ 2022ರ ಇಳಿಕೆಯೂ ಸರಾಸರಿಯಲ್ಲಿ ಕರಗಿಹೋಗುತ್ತವೆ. ಸಾಲದ ಬಡ್ಡಿ ಕಟ್ಟಿ ಚಿನ್ನ ಕೊಂಡವನಿಗೆ ಮಾತ್ರ ಬೆಲೆ ನಿಂತಲ್ಲಿಯೇ ನಿಂತರೂ ನಷ್ಟ. ವರ್ಷಕ್ಕೆ ಶೇಕಡಾ 12ರ ಕೈಸಾಲದಲ್ಲಿ ಕೊಂಡ ಒಡವೆ ವರ್ಷಕ್ಕೆ ಶೇಕಡಾ 12 ಏರಿದಾಗ ಅಸಲಿಗೆ ಸಮನಾಗುತ್ತದೆ, ಮಜೂರಿಯ ಹಣ ಆಗಲೂ ಮರಳದು. ಅಮೆರಿಕದ ರೇಖೆ ಯಾವ ಕಡೆ ಬಾಗಿದರೂ ಈ ಲೆಕ್ಕ ಬದಲಾಗುವುದಿಲ್ಲ.